ಲಾಗ್ ಸ್ಕೇಲ್ ಒತ್ತಿದರೆ ಟ್ರೆಂಡ್‌ಲೈನ್ ಮುರಿಯುವುದೇಕೆ?

“ಹಳೆಯ ಷೇರೊಂದರ ಚಾರ್ಟಿನಲ್ಲಿ ಎರಡು ತಳ ಸೇರಿಸಿ ಗೆರೆ ಎಳೆದೆ. ಮಾಮೂಲಿ ಸ್ಕೇಲಿನಲ್ಲಿ ಬೆಲೆ ಗೆರೆಯ ಮೇಲಿದೆ, ಲಾಗ್ ಒತ್ತಿದರೆ ಕೆಳಗಿದೆ. ಯಾವುದನ್ನು ನಂಬಲಿ?”

ಎರಡೂ ಸುಳ್ಳಲ್ಲ. ಆದರೆ ಅವು ಒಂದೇ ಗೆರೆಯಲ್ಲ. ಸ್ಕೇಲ್ ಬದಲಿಸಿದಾಗ ಉಳಿಯುವುದು ನೀವು ಹಿಡಿದ ಎರಡು ತಳ ಮಾತ್ರ, ಉಳಿದ ಕಡೆ ಗೆರೆಯ ಬೆಲೆಯೇ ಬದಲಾಗುತ್ತದೆ.

ಚಿಕ್ಕಮಗಳೂರಿನ ನಮ್ಮ ಕಡೆ ಕಾಫಿ ಮೂಟೆ ಲೆಕ್ಕದಲ್ಲಿ ಹೇಳುತ್ತೇನೆ. ಮೂಟೆಗೆ ಸಾವಿರ ರೂಪಾಯಿ ಏರಿತು ಅನ್ನಿ. ರೇಟು 4 ಸಾವಿರ ಇದ್ದಾಗ ಅದು 25%, 20 ಸಾವಿರ ಇದ್ದಾಗ ಬರೀ 5%. ಮಾಮೂಲಿ ಸ್ಕೇಲಿನಲ್ಲಿ ಎರಡೂ ಒಂದೇ ಎತ್ತರ. ಲಾಗ್‌ನಲ್ಲಿ ಶೇಕಡಾವಾರು ಸಮ ಇದ್ದರೆ ಮಾತ್ರ ಎತ್ತರ ಸಮ.

ಈಗ ನಿಮ್ಮ ಗೆರೆಗೆ ಬರೋಣ. ಮೊದಲ ತಳ 100 ರೂಪಾಯಿ, ಐದು ವರ್ಷದ ನಂತರದ ತಳ 200 ಅಂದುಕೊಳ್ಳಿ. ಮಾಮೂಲಿ ಗೆರೆ ವರ್ಷಕ್ಕೆ 20 ರೂಪಾಯಿ ಏರುತ್ತಾ ಹತ್ತನೇ ವರ್ಷಕ್ಕೆ 300 ತಲುಪುತ್ತದೆ. ಲಾಗ್ ಗೆರೆ ಐದು ವರ್ಷಕ್ಕೊಮ್ಮೆ ದುಪ್ಪಟ್ಟಾಗಿ 400ರಲ್ಲಿ ಇರುತ್ತದೆ. ಆಗ ಬೆಲೆ 350 ಇದ್ದರೆ? ನೀವು ಕಂಡದ್ದು ಇದೇ, ಅಲ್ವಾ.

ಲಾಗ್ ಗೆರೆ ವರ್ಷಕ್ಕೆ ಸುಮಾರು 15% ಬೆಳವಣಿಗೆ ಕೇಳುತ್ತಲೇ ಇರುತ್ತದೆ. ಮಾಮೂಲಿ ಗೆರೆ ಹಾಗಲ್ಲ. 200ರ ಮೇಲೆ 20 ಅಂದರೆ 10%, 400ರ ಮೇಲೆ 20 ಅಂದರೆ 5%. ವರ್ಷ ಕಳೆದಂತೆ ಅದರ ಬೇಡಿಕೆ ಕಡಿಮೆಯಾಗುತ್ತದೆ, ಬೆಲೆಯಿಂದ ಬಹಳ ಕೆಳಗೆ ಉಳಿದುಬಿಡುತ್ತದೆ. ನಾನು ಒಂದು ಷೇರಿನಲ್ಲಿ “ಗೆರೆ ಇನ್ನೂ ಮುರಿದಿಲ್ಲ” ಅಂತ ಸುಮ್ನೆ ಕೂತಿದ್ದೆ. ಬೆಲೆ ಗೆರೆ ಮುಟ್ಟುವಷ್ಟರಲ್ಲಿ ಅರ್ಧದಷ್ಟು ದುಡ್ಡು ಹೋಗಿತ್ತು.

ಹಾಗಂತ ಲಾಗ್ ಗೆರೆ ಮುರಿದ ಕೂಡಲೇ ಮಾರಬೇಕಿಲ್ಲ. ಯಾವ ಕಂಪನಿಯೂ ಕೊನೆವರೆಗೂ ಐದು ವರ್ಷಕ್ಕೊಮ್ಮೆ ದುಪ್ಪಟ್ಟಾಗುವುದಿಲ್ಲ. ಆ ಮುರಿತ ಹೇಳುವುದು ಓಟ ನಿಧಾನವಾಗಿದೆ ಅಂತ, ಕುಸಿತ ಶುರುವಾಗಿದೆ ಅಂತಲ್ಲ. ನಾನು ಆಗ ಹಿಂದಿನ ದೊಡ್ಡ ತಳವನ್ನು ನೋಡುತ್ತೇನೆ. ಅಡ್ಡ ಗೆರೆಗೆ ಸ್ಕೇಲಿನ ಹಂಗಿಲ್ಲ, 250 ಎರಡರಲ್ಲೂ 250.

ಇಳಿಯುವ ಗೆರೆಯಲ್ಲಿ ಇನ್ನೂ ತಮಾಷೆ. ಐದು ವರ್ಷದಲ್ಲಿ 400ರಿಂದ 200ಕ್ಕೆ ಇಳಿದ ಶಿಖರಗಳನ್ನು ಸೇರಿಸಿದರೆ, ಮಾಮೂಲಿ ಗೆರೆ ಹತ್ತನೇ ವರ್ಷಕ್ಕೆ ಸೊನ್ನೆಗೆ ಬರುತ್ತದೆ! ಬೆಲೆ ಏರದೆ ಸುಮ್ಮನಿದ್ದರೂ ಅದನ್ನು ದಾಟಿ “ಬ್ರೇಕ್‌ಔಟ್” ಕೊಡುತ್ತದೆ. ಲಾಗ್ ಗೆರೆ ಆಗಲೂ 100ರಲ್ಲಿ ಇರುತ್ತದೆ.

ಬೆಲೆ 100ರಿಂದ 120ರೊಳಗೆ ಓಡಾಡುವ ಚಾರ್ಟಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಡಿ. ಗೆರೆಯ ನಡುವೆ ಅರ್ಧ ರೂಪಾಯಿಯೂ ವ್ಯತ್ಯಾಸ ಬರುವುದಿಲ್ಲ. ಬೆಲೆ ಎರಡು ಮೂರು ಪಟ್ಟಾಗಿದ್ದರೆ ನಾನು ಲಾಗ್ ಹಾಕಿಯೇ ಗೆರೆ ಎಳೆಯುತ್ತೇನೆ. ಸೆನ್ಸೆಕ್ಸ್ ಚಾರ್ಟಿನಲ್ಲೇ ನೋಡಿ. 2008ರ ಕುಸಿತ 60%ಗಿಂತ ಜಾಸ್ತಿ, 2020ರದ್ದು 40%ಗಿಂತ ಕಡಿಮೆ. ಮಾಮೂಲಿ ಸ್ಕೇಲಿನಲ್ಲಿ 2020ರ ಗುಂಡಿಯೇ ದೊಡ್ಡದಾಗಿ ಕಾಣುತ್ತದೆ.