‘ವನಸ್ ಆಂಡಾ?’ ಅಂದರೆ ಊಟಕ್ಕೆ ಕರೆದದ್ದಲ್ಲ

ಪ್ರಶ್ನೆ: ಹಾವೇರಿಯಿಂದ ಕಾಸರಗೋಡಿಗೆ ಕೆಲಸಕ್ಕೆ ಬಂದಿದ್ದೇನೆ. ಎದುರಾದವರನ್ನು ಯಾವ ಭಾಷೆಯಲ್ಲಿ, ಹೇಗೆ ಮಾತಾಡಿಸಬೇಕು?

ಉತ್ತರ: ನಾನು ಗದಗಿನವ. ಬಂದ ಹೊಸದರಲ್ಲಿ ಎಲ್ಲರಿಗೂ ‘ನಮಸ್ಕಾರ್ರೀ, ಆರಾಮ ಇದ್ದೀರೇನ್ರೀ’ ಅನ್ನುತ್ತಿದ್ದೆ. ಜನ ನಗುತ್ತಿದ್ದರು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಇಲ್ಲಿ ದಿನಾ ನೋಡುವವರಿಗೆ ನಮಸ್ಕಾರ ಹೇಳುವುದು ಕಡಿಮೆ. ಏನಾದರೂ ಕೇಳುತ್ತಾರೆ, ಅದೇ ನಮಸ್ಕಾರ.

ಮಧ್ಯಾಹ್ನವಾದರೆ ಕನ್ನಡದಲ್ಲಿ ‘ಊಟ ಆಯ್ತಾ?’, ತುಳುವಿನಲ್ಲಿ ‘ವನಸ್ ಆಂಡಾ?’, ಹವ್ಯಕರಲ್ಲಿ ‘ಊಟ ಆತೋ?’. ನೀವು ಮೊದಲು ಕಲಿಯಬೇಕಾದದ್ದು ಇದನ್ನೇ. ಕಾರಣ ಇದೆ. ತುಳುವಿನಲ್ಲಿ ‘ಎಂಚ ಉಲ್ಲರ್?’ ಅಂದರೆ ‘ಹೇಗಿದ್ದೀರಿ’, ‘ಎಂಚ ಉಲ್ಲ?’ ಅಂದರೆ ‘ಹೇಗಿದ್ದೀಯ’. ಕೊನೆಯ ‘ರ್’ ನುಂಗಿದರೆ ಹಿರಿಯರನ್ನು ಏಕವಚನದಲ್ಲಿ ಕರೆದಂತೆ. ನಾನು ನುಂಗಿದ್ದೆ, ಅದೂ ಮನೆ ಮಾಲೀಕರ ಮುಂದೆ! ‘ವನಸ್ ಆಂಡಾ?’ದಲ್ಲಿ ಆಗುವುದು ಊಟ, ಹಾಗಾಗಿ ಬಹುವಚನದ ಗೋಜೇ ಇಲ್ಲ. ಆದರೆ ಯಾರಾದರೂ ನಿಮ್ಮನ್ನು ಕೇಳಿದರೆ ‘ಆಂಡ್’ ಅಂತ ಮುಗಿಸಬೇಡಿ. ‘ಆಂಡ್, ಇರೆನ?’ ಅನ್ನಿ, ‘ಆಯ್ತು, ನಿಮ್ಮದು?’ ಅಂತ ಅರ್ಥ. ಇಲ್ಲಿ ‘ನಿನ್ನ’ ಅಂದರೆ ಸಲಿಗೆ ಜಾಸ್ತಿಯಾಯಿತು.

ಊಟ ಆಗಿಲ್ಲ ಅಂದರೂ ಯಾರೂ ಎಲೆ ಹಾಕುವುದಿಲ್ಲ, ಸುಮ್ನೆ ಕೇಳಿದ್ದು. ‘ಎಲ್ಲಿಗೆ ಹೊರಟದ್ದು?’ ಕೂಡ ಹಾಗೇ. ‘ಹೀಗೇ ಪೇಟೆಗೆ’ ಅಂದರೆ ಸಾಕು, ಪೂರ್ತಿ ವರದಿ ಬೇಡ. ಹವ್ಯಕರ ಮನೆಗೆ ಹೋದಾಗ ಮಾತ್ರ ‘ಆಸರಿಂಗೆ ಎಂತ ಬೇಕು?’ ಅಂದರೆ ನಿಜವಾಗಿಯೂ ಕುಡಿಯಲು ಏನು ಬೇಕು ಅಂತ ಕೇಳಿದ್ದು. ಬೇಡ ಅನ್ನಬೇಡಿ.

ಹೊರಡುವಾಗ ‘ಹೋಗ್ತೇನೆ’ ಅನ್ನುವುದಿಲ್ಲ. ‘ಬರ್ತೇನೆ’, ತುಳುವಿನಲ್ಲಿ ‘ಬರ್ಪೆ’. ಪಕ್ಕದ ಮನೆಯವರೊಬ್ಬರು ‘ಹಾಗಾದ್ರೆ ಬರ್ತೇನೆ’ ಅಂದು ಹೋದಾಗ ನಾನು ಚಾಕ್ಕೆ ನೀರಿಟ್ಟು ಅರ್ಧ ಗಂಟೆ ಕಾದಿದ್ದೆ.

ಯಾವ ಭಾಷೆ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಕುಂಬಳೆ, ಮಂಜೇಶ್ವರದ ಕಡೆ ತುಳು, ಕನ್ನಡ ಜಾಸ್ತಿ. ಚಂದ್ರಗಿರಿ ಹೊಳೆ ದಾಟಿ ಕಾಞಂಗಾಡಿನ ಕಡೆ ಹೋದರೆ ಮಲಯಾಳವೇ ಜೋರು. ನಾನು ಕನ್ನಡದಲ್ಲಿ ಶುರು ಮಾಡಿ, ಅವರು ಯಾವುದರಲ್ಲಿ ಉತ್ತರ ಕೊಟ್ಟರೋ ಅದರ ಎರಡು ಮಾತು ಹಿಡಿದುಕೊಳ್ಳುತ್ತಿದ್ದೆ. ಮಲಯಾಳದ ‘ಎಂದುಂಡ್ ವಿಶೇಷಂ?’, ಅಂದರೆ ‘ಏನು ವಿಶೇಷ?’, ಸಿಕ್ಕಿದ್ದು ಹಾಗೆ. ಮುಸ್ಲಿಂ ಅಂಗಡಿಯವರು ತಮ್ಮವರಿಗೆ ಸಲಾಂ ಹೇಳಿ, ನನ್ನ ಕಡೆ ತಿರುಗಿ ‘ಎಂತ ಮಾರಾಯ್ರೆ’ ಅನ್ನುತ್ತಿದ್ದರು. ನಾನೂ ಅದನ್ನೇ ತಿರುಗಿ ಅಂದೆ.

ದಿನಾ ಒಂದೇ ಹೊತ್ತಿಗೆ ಒಂದೇ ಹೋಟೆಲಿಗೆ ಚಾ ಕುಡಿಯಲು ಹೋಗಿ, ಗಲ್ಲೆಯ ಹತ್ತಿರ ಕೂತುಕೊಳ್ಳಿ. ಯಜಮಾನರು ಮುದುಕರಿಗೆ ಏನನ್ನುತ್ತಾರೆ, ಹುಡುಗರಿಗೆ ಏನನ್ನುತ್ತಾರೆ ಕೇಳಿ. ಮುದುಕರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳಿ. ನನಗೆ ‘ಉಲ್ಲರ್’ ಬಾಯಿಗೆ ಹತ್ತಲು ಎರಡು ವಾರ ಹಿಡಿಯಿತು.