ಹಳೇ ನಂಬರಿನಲ್ಲೇ ಹಾಳೆ ಬದಲಿಸಿದರೆ ಏನಾಗುತ್ತದೆ

ಪ್ರಶ್ನೆ: "ಕಾಂಕ್ರೀಟಿನ ಕ್ಯೂಬ್ ಟೆಸ್ಟ್ ರಿಪೋರ್ಟ್ ಕೊಟ್ಟಾದ ಮೇಲೆ ತಪ್ಪು ಕಂಡಿತು. ಅದೇ ನಂಬರಿನಲ್ಲಿ ಪುಟ ಬದಲಿಸಿ ಕೊಡಬಹುದಾ?"

ಕೊಡಬೇಡಿ. ಹುಬ್ಬಳ್ಳಿಯ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರಿದಾಗ ನಾನೂ ಹಾಗೇ ಮಾಡಿ ಸಿಕ್ಕಿಬಿದ್ದಿದ್ದೆ.

ಗದಗ ಕಡೆಯ ಒಂದು ಕೆಲಸದ ಎಂ25 ಕಾಂಕ್ರೀಟು, ಅಂದರೆ 28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ಬಲ ಬರಬೇಕಾದದ್ದು. 150 ಮಿ.ಮೀ. ಕ್ಯೂಬು ಮೂರು. ಎರಡನೆಯದು 655 ಕಿಲೋನ್ಯೂಟನ್‌ಗೆ ಒಡೆದಿತ್ತು. ಅದನ್ನು ನ್ಯೂಟನ್‌ಗೆ ತಂದು 22,500 ಚದರ ಮಿ.ಮೀ.ನಿಂದ ಭಾಗಿಸಿದರೆ ಬಲ 29.1 ಬರಬೇಕು. ನಾನು 26.1 ಅಂತ ಟೈಪ್ ಮಾಡಿದ್ದೆ. ಉಳಿದೆರಡು 28.4 ಮತ್ತು 25.2. ಸರಾಸರಿ 27.6 ಇರಬೇಕಾದದ್ದು 26.6 ಆಗಿ ಹೋಯಿತು. ಲೋಡ್ ಕಾಲಂ ಸರಿ ಇತ್ತು, ಹಾಗಾಗಿ ಕ್ಯಾಲ್ಕುಲೇಟರ್ ಹಿಡಿದವರಿಗೆ ತಪ್ಪು ತಕ್ಷಣ ಕಾಣುತ್ತಿತ್ತು.

ಕಾಂಟ್ರಾಕ್ಟರ್ ಫೋನ್ ಮಾಡಿ, "ಅದ ನಂಬರ್ ಇರ್ಲಿ ಸರ್, ಒಂದ ಹಾಳಿ ಬದಲ ಮಾಡಿ ಕೊಡ್ರಿ" ಅಂದರು. ಕೊಟ್ಟೆ. ಆದರೆ ಹಳೆಯದರ ಜೆರಾಕ್ಸ್ ಆಗಲೇ ಬಿಲ್ ಫೈಲಿಗೆ ಸೇರಿತ್ತು. ಒಂದೇ ನಂಬರು, ಒಂದೇ ತಾರೀಖು, ಎರಡು ಸರಾಸರಿ! ಎರಡೂ ಪಾಸೇ, ಆದರೂ ಎಂಜಿನಿಯರ್ ಎರಡನ್ನೂ ನಂಬಲಿಲ್ಲ.

ಲ್ಯಾಬುಗಳ ಮಾನದಂಡ ಐಎಸ್‌ಒ/ಐಇಸಿ 17025 ಇದಕ್ಕೆ ದಾರಿ ಹೇಳಿದೆ. ತಿದ್ದುಪಡಿಯನ್ನು ಬೇರೆ ಪತ್ರವಾಗಿ ಕೊಡಬಹುದು. ಅದರಲ್ಲಿ ಯಾವ ನಂಬರಿನ ರಿಪೋರ್ಟಿಗೆ ಅಂತ ಇರಬೇಕು. ಇಲ್ಲವಾದರೆ ಪೂರ್ತಿ ಹೊಸ ರಿಪೋರ್ಟು, ಅದಕ್ಕೇ ಬೇರೆ ನಂಬರು. ನಾನು ಎರಡನೆಯದನ್ನೇ ಮಾಡುತ್ತೇನೆ, ಯಾಕಂದರೆ ಬಿಡಿ ಪತ್ರ ಫೈಲಿನಿಂದ ಕಳಚಿ ಹೋಗುತ್ತದೆ. ಹಳೆಯದು 0417 ಇದ್ದರೆ ಹೊಸದು 0417-R1. ಮೇಲೆಯೇ ಹೀಗೆ ಬರೆಯುತ್ತೇನೆ: "ಇದು ವರದಿ 0417ರ ಬದಲಿಗೆ. ಕ್ಯೂಬ್ 2ರ ಬಲ 26.1 ಬದಲು 29.1, ಸರಾಸರಿ 26.6 ಬದಲು 27.6. ಕಾರಣ: ಟೈಪಿಂಗ್ ತಪ್ಪು." ಟೆಸ್ಟ್ ಮಾಡಿದ ತಾರೀಖು ಹಳೆಯದೇ ಇರುತ್ತದೆ. ರಿಪೋರ್ಟ್ ಕೊಟ್ಟ ತಾರೀಖು ಮಾತ್ರ ಹೊಸದು. ಹಳೇ ಪ್ರತಿ ವಾಪಸ್ ಕೇಳುತ್ತೇನೆ. ನಮ್ಮ ಆಫೀಸ್ ಪ್ರತಿಗೆ "ರದ್ದು" ಸೀಲ್ ಹಾಕಿ ಹೊಸದರ ಹಿಂದೆಯೇ ಇಡುತ್ತೇನೆ. ಹರಿಯುವುದಿಲ್ಲ. ವರ್ಕ್‌ಶೀಟಿನಲ್ಲೇ ತಪ್ಪಿದ್ದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ, ಸಹಿ, ತಾರೀಖು. ವೈಟ್ನರ್ ಮುಟ್ಟಲೇಬಾರದು.

ನಿಜವಾದ ತಲೆನೋವು ಕಸ್ಟಮರ್ ಕೇಳುವ ತಿದ್ದುಪಡಿ. "ಕಾಂಕ್ರೀಟ್ ಹಾಕಿದ್ದು ಮಾರ್ಚ್ 12 ಅಲ್ಲ, 5" ಅಂತಾರೆ. ಸುಮ್ನೆ ತಾರೀಖು ಅಲ್ವಾ ಅನಿಸುತ್ತದೆ. ಆದರೆ ಏಪ್ರಿಲ್ 9ಕ್ಕೆ ಒಡೆದ ಕ್ಯೂಬಿಗೆ ಆಗ 28 ಅಲ್ಲ, 35 ದಿನ. ಅದು 28 ದಿನದ ಟೆಸ್ಟೇ ಅಲ್ಲ. ಹಾಗಾಗಿ ಮೊದಲು ಲೆಟರ್ ತರಿಸಿ. R1ನಲ್ಲಿ ವಯಸ್ಸನ್ನೂ ಬದಲಿಸಿ, ತಾರೀಖಿನ ಪಕ್ಕ "ಗ್ರಾಹಕರು ಕೊಟ್ಟ ಮಾಹಿತಿ" ಅಂತ ಹಾಕಿ. ಇದನ್ನು ಹೇಳಿದಾಗ ಅರ್ಧ ಜನ "ಇರ್ಲಿ ಬಿಡ್ರಿ, ಹಳೇದ ಸಾಕು" ಅಂತ ಫೋನ್ ಇಡುತ್ತಾರೆ. ಆ ಫೋನ್ ಬಂದದ್ದನ್ನೂ ತಾರೀಖು ಹಾಕಿ ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ.