ಗಾಣ ಹಾಕುವ ಮೊದಲು ಎಣ್ಣೆ ಮಾರಿ ನೋಡಿ

ಪ್ರಶ್ನೆ: ನಾನು ಮಂಡ್ಯದವನು. ಮೈಸೂರಿನ ಕಾರ್ಖಾನೆಯಲ್ಲಿ ಕೆಲಸ, ಸಂಬಳ 28 ಸಾವಿರ. ಉಳಿತಾಯ 3 ಲಕ್ಷ ಇದೆ. ಊರಲ್ಲೇ ಮರದ ಗಾಣ ಹಾಕಿ ಕಡಲೆಕಾಯಿ ಎಣ್ಣೆ ಮಾರುವ ಆಸೆ. ಯಂತ್ರಕ್ಕೆ ಎರಡೂವರೆ ಲಕ್ಷ ಹೇಳಿದ್ದಾರೆ. ನೆಂಟರು, ಸ್ನೇಹಿತರೆಲ್ಲ ‘ಹಾಕು, ನಾವೇ ತಗೋತೀವಿ’ ಅಂತಾರೆ. ಹೆಂಡತಿಗೆ ಭಯ. ಕೆಲಸ ಬಿಡಲಾ?
– ಹೆಸರು ಬೇಡ, ಮಂಡ್ಯ

ಉತ್ತರ: ಈಗಲೇ ಬಿಡಬೇಡಿ. ನಿಮ್ಮ ಹೆಂಡತಿಯ ಭಯದಲ್ಲಿ ಅರ್ಥವಿದೆ. ಯಂತ್ರ ಕೊಂಡರೆ ಕೈಯಲ್ಲಿ ಉಳಿಯುವುದು 50 ಸಾವಿರ. ಅದರಲ್ಲಿ ಕಡಲೆಬೀಜ ತರಬೇಕು, ಮನೆಯೂ ನಡೆಯಬೇಕು.

ಎಣ್ಣೆ ಮಾರಲು ಸ್ವಂತ ಗಾಣ ಬೇಕಿಲ್ಲ. ಕಡಲೆಬೀಜ ನೀವೇ ಕೊಂಡು, ಈಗಾಗಲೇ ಗಾಣ ಇಟ್ಟಿರುವವರ ಬಳಿ ಕೂಲಿ ಕೊಟ್ಟು ಆಡಿಸಿ. ಒಂದು ಲೀಟರಿಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 130 ರೂಪಾಯಿ ಅಂದುಕೊಂಡರೆ 325, ಆಡಿಸುವ ಕೂಲಿ 40, ಬಾಟಲಿಗೆ 15. ಒಟ್ಟು 380. ಹಿಂಡಿ ಮಾರಿದರೆ 60 ವಾಪಸ್ ಬರುತ್ತದೆ. 380ಕ್ಕೆ ಮಾರಿದರೆ ನಿಮಗೆ ಉಳಿಯುವುದು 60. ಇವು ನನ್ನ ಅಂದಾಜು. ನಿಮ್ಮೂರ ದರ ಹಾಕಿ ಮತ್ತೆ ಲೆಕ್ಕ ಮಾಡಿ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲೇ ಮಾಡಿಸಿ. ಅಡುಗೆ ಎಣ್ಣೆಯನ್ನು ಬಿಡಿಯಾಗಿ ಅಳೆದು ಕೊಡುವಂತಿಲ್ಲ, ಲೇಬಲ್ ಹಚ್ಚಿದ ಬಾಟಲಿಯಲ್ಲೇ ಮಾರಬೇಕು.

ಮೊದಲ 40 ಲೀಟರನ್ನು ನೆಂಟರಿಗೆ ಮಾರಬೇಡಿ. ಅವರು ನಿಮ್ಮ ಮುಖ ನೋಡಿ ಕೊಳ್ಳುತ್ತಾರೆ. ಗುತ್ತಲು ರಸ್ತೆಯಲ್ಲೋ ಅಶೋಕನಗರದಲ್ಲೋ ಗುರುತಿಲ್ಲದ 40 ಮನೆ ಹುಡುಕಿ. ಪೂರ್ತಿ ಬೆಲೆಗೇ ಕೊಡಿ, ಸಾಲ ಬೇಡ. ರಿಯಾಯಿತಿ ಕೊಟ್ಟರೆ ನಿಮಗೆ ಬೇಕಾದ ಉತ್ತರವೇ ಸಿಗುವುದಿಲ್ಲ.

ಒಂದು ಸಲ ರುಚಿ ನೋಡೋಣ ಅಂತ ಯಾರು ಬೇಕಾದರೂ ಕೊಳ್ಳುತ್ತಾರೆ. ನೀವು ಕಾಯಬೇಕಾದದ್ದು ಎರಡನೇ ಬಾಟಲಿಗೆ, ಆಮೇಲೆ ಮೂರನೆಯದಕ್ಕೆ. ಸಣ್ಣ ಸಂಸಾರಕ್ಕೆ ಒಂದು ಲೀಟರ್ ಎರಡು-ಮೂರು ವಾರ ಬರುತ್ತದೆ. ಹಾಗಾಗಿ ಮೂರು ತಿಂಗಳಾದರೂ ನೋಡಿ. ನೀವಾಗಿ ಫೋನ್ ಮಾಡಿ ನೆನಪಿಸಬೇಡಿ, ಯಾರು ತಾವಾಗಿ ಕೇಳುತ್ತಾರೆ ಅಂತ ಬರೆದಿಡಿ. ಗೌರಿ ಹಬ್ಬದಿಂದ ದೀಪಾವಳಿವರೆಗೆ ಎಣ್ಣೆ ಜಾಸ್ತಿ ಖರ್ಚಾಗುತ್ತದೆ, ಆ ದಿನಗಳ ಮಾರಾಟವನ್ನು ನಂಬಿ ಕೂರಬೇಡಿ. ನಿಲ್ಲಿಸಿದವರ ಮನೆಗೆ ಮಾತ್ರ ಹೋಗಿ ಕಾರಣ ಕೇಳಿ. ಕರಿಯುವಾಗ ನೊರೆ ಬರುತ್ತೆ, ತಳದಲ್ಲಿ ಗಸಿ ಇದೆ ಅಂದರೆ ಎಣ್ಣೆಯನ್ನು ಇನ್ನೂ ಒಂದೆರಡು ದಿನ ತಿಳಿಯಾಗಲು ಬಿಟ್ಟು ತುಂಬಿಸಿ. ಬೆಲೆ ಜಾಸ್ತಿ ಅಂದರೆ ಅವರು ನಿಮ್ಮ ಗಿರಾಕಿಗಳಲ್ಲ.

ಸ್ವಂತ ಗಾಣವಾದರೆ ಕೂಲಿ ಉಳಿದು ಲೀಟರಿಗೆ 100 ಸಿಗುತ್ತದೆ ಅನ್ನೋಣ. ಬಾಡಿಗೆ, ಆಳು, ಕರೆಂಟು ಸೇರಿ ತಿಂಗಳಿಗೆ 23 ಸಾವಿರ ಆದರೆ 230 ಲೀಟರ್ ಮಾರಬೇಕು. ಮನೆಗೆ ಎರಡು ಲೀಟರಿನಂತೆ 115 ಮನೆ. ಇಷ್ಟಾದರೆ ಅಂಗಡಿ ಖರ್ಚು ಮಾತ್ರ ಹುಟ್ಟಿತು. ನಿಮ್ಮ 28 ಸಾವಿರವೂ ಬರಬೇಕಾದರೆ 255 ಮನೆ ಬೇಕು. 40ರಲ್ಲಿ 20 ಮನೆ ಉಳಿದುಕೊಂಡರೆ, 255 ಸಿಗಲು 500ಕ್ಕೂ ಹೆಚ್ಚು ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ಐದೇ ಉಳಿದರೆ ಗಾಣದ ಯೋಚನೆ ಬಿಡಿ.

115 ಮನೆ ಕಾಯಂ ಆದಾಗ ಯಂತ್ರದ ಮಾತು ಎತ್ತಿ. ಆಗಲೂ ಆರು ತಿಂಗಳ ಮನೆ ಖರ್ಚು ಬೇರೆ ಇಟ್ಟು, ಮಿಕ್ಕಿದ್ದರಲ್ಲಿ ಮಾತ್ರ ಕೊಳ್ಳಿ. ಕೆಲಸ ಬಿಡುವ ಮಾತು 255ರ ಹತ್ತಿರ ಬಂದಮೇಲೆ. ಅಲ್ಲಿಯವರೆಗಿನ ಲೆಕ್ಕದ ಪುಸ್ತಕ ನಿಮ್ಮ ಹೆಂಡತಿಯ ಕೈಯಲ್ಲಿರಲಿ.